"ಸಾಲ ತಗೊಂಡಿದ್ದು ನಿಜ ತಾನೆ?": ನೃಪತುಂಗ ರಸ್ತೆಯ ಎರಡು ಕಚೇರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯ ಪೊಲೀಸ್ ಮಹಾನಿರ್ದೇಶಕರು, ಮತ್ತು
ರಿಸರ್ವ್ ಬ್ಯಾಂಕಿನ ಪ್ರಾದೇಶಿಕ ನಿರ್ದೇಶಕರು,
ಬೆಂಗಳೂರು

ಮಾನ್ಯರೇ,

ನಿಮ್ಮಿಬ್ಬರ ಕಚೇರಿಗಳೂ ನೃಪತುಂಗ ರಸ್ತೆಯಲ್ಲೇ ಇವೆ. ನಾನು ಬರೆಯುತ್ತಿರುವ ವಿಷಯ ಅರ್ಧ ಒಂದು ಕಚೇರಿಗೆ ಸೇರಿದ್ದು, ಇನ್ನರ್ಧ ಇನ್ನೊಂದಕ್ಕೆ. ಅದಕ್ಕೇ ಇಬ್ಬರಿಗೂ ಒಂದೇ ಪತ್ರ. ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ಇದನ್ನು ಓದುವ ಕೆಲವರ ಫೋನಿನಲ್ಲಿ ಈಗಲೇ ಸಾಲದ ಹೆಸರಲ್ಲಿ ಸುಲಿಯುವ ಒಂದು ಆ್ಯಪ್ ಇರಬಹುದು. ನಿಮ್ಮ ಉತ್ತರ ಬರುವವರೆಗೆ ಅವರಿಗೆ ಕಾಯಲು ಆಗುವುದಿಲ್ಲ.

ನನ್ನದು ದೊಡ್ಡಬಳ್ಳಾಪುರದಲ್ಲಿ ಒಂದು ಮೊಬೈಲ್ ಅಂಗಡಿ. ಡಿಸ್‌ಪ್ಲೇ ಹಾಕುವುದು, ಬ್ಯಾಟರಿ ಬದಲಿಸುವುದು, ರೀಚಾರ್ಜ್, ಇಷ್ಟೇ ಕೆಲಸ. ಆದರೆ ಆಗಾಗ ಯಾರಾದರೂ ಬೇರೆ ಗಿರಾಕಿಗಳು ಹೋಗುವವರೆಗೆ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಅಣ್ಣ, ಫೋನ್ ಪೂರ್ತಿ ಫಾರ್ಮ್ಯಾಟ್ ಮಾಡಿಕೊಡ್ತೀರಾ?" ಚೆನ್ನಾಗಿ ಓಡುತ್ತಿರುವ ಫೋನನ್ನು ಯಾಕೆ ಅಂತ ಕೇಳಿದರೆ ಉತ್ತರ ಬರುವುದು ತಡವಾಗುತ್ತದೆ. ಬಂದಾಗ ಹೆಚ್ಚಿನ ಸಲ ಅದು ಸಾಲದ ಆ್ಯಪ್.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮಗಳ ಸ್ಕೂಲ್ ಫೀಸಿಗೆ ದುಡ್ಡು ಸಾಲದೆ, ಫೋನಿನಲ್ಲಿ ವಿಡಿಯೋ ನೋಡುವಾಗ ಬಂದ ಜಾಹೀರಾತನ್ನು ಒತ್ತಿದ್ದಾರೆ. ಅದು ಪ್ಲೇ ಸ್ಟೋರಿಗೆ ಹೋಗಲಿಲ್ಲ. ಒಂದು ಲಿಂಕಿನಿಂದ ನೇರ ಆ್ಯಪ್ ಇಳಿಯಿತು. ಆಧಾರ್, ಪ್ಯಾನ್, ಒಂದು ಸೆಲ್ಫಿ ಕೇಳಿತು. ಆಮೇಲೆ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ, ಗ್ಯಾಲರಿ ನೋಡಲು ಅನುಮತಿ. ಬೇಡ ಎಂದು ಒತ್ತಿದರೆ ಆ್ಯಪ್ ಮುಂದಕ್ಕೇ ಹೋಗಲಿಲ್ಲ. ಹಾಗಾಗಿ ಎರಡಕ್ಕೂ ಒಪ್ಪಿಗೆ ಕೊಟ್ಟರು.

ಮಂಜೂರಾಗಿದ್ದು 5,000 ರೂಪಾಯಿ. ಖಾತೆಗೆ ಬಂದಿದ್ದು 3,200. ಉಳಿದ 1,800 "ಪ್ರೊಸೆಸಿಂಗ್ ಫೀ" ಅಂತೆ. 7 ದಿನದಲ್ಲಿ 5,000 ಪೂರ್ತಿ ಕಟ್ಟಬೇಕು. ಆರನೇ ದಿನಕ್ಕೇ ಫೋನ್ ಶುರುವಾಯಿತು. ಕೈಯಲ್ಲಿ ಅಷ್ಟಿಲ್ಲ ಎಂದಾಗ, 1,800 ಕಟ್ಟಿ, ಇನ್ನೊಂದು ವಾರ ಮುಂದಕ್ಕೆ ಹಾಕುತ್ತೇವೆ ಎಂದರು. ಕಟ್ಟಿದರು. ಮುಂದಿನ ವಾರ ಮತ್ತೆ 1,800. ಮೂರನೇ ವಾರ ಎಲ್ಲಿಂದಲೋ ಹೊಂದಿಸಿ 5,000 ಕಟ್ಟಿ ಮುಗಿಸಿದರು. ಅಲ್ಲಿಗೆ 3,200ಕ್ಕೆ ಕೊಟ್ಟಿದ್ದು 8,600. ಎರಡು ದಿನ ಬಿಟ್ಟು ಬೇರೆ ನಂಬರಿನಿಂದ ಬೇರೆ ದನಿ: ನಿಮ್ಮದು ಇನ್ನೂ 2,900 ಬಾಕಿ ಇದೆ. ಇವರು ಕಟ್ಟಲಿಲ್ಲ. ಅವತ್ತೇ ಸಂಜೆ ಸೂಪರ್‌ವೈಸರಿಗೆ, ನಾದಿನಿಗೆ, ಮಗಳ ಟೀಚರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಹೋಯಿತು. ಮುಖ ಇವರದು, ಮೈ ಬೇರೆ ಯಾರದೋ. ಕೆಳಗೆ ಇವರ ಫೋನ್ ನಂಬರ್, ಜೊತೆಗೆ ನಾನು ಇಲ್ಲಿ ಬರೆಯಲಾಗದ ಒಂದು ಮಾತು.

ಠಾಣೆಗೆ ಹೋದರು. ಯಾವ ಠಾಣೆ ಅನ್ನುವುದು ಈ ಪತ್ರಕ್ಕೆ ಬೇಡ. ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ಸಾಲ ತಗೊಂಡಿದ್ದು ನಿಜ ತಾನೆ?" ಹೌದು ಅಂದರು. "ಮತ್ತೆ ಕಟ್ಟಿಬಿಡಮ್ಮಾ, ಸುಮ್ಮನಾಗ್ತಾರೆ."

ಪೊಲೀಸ್ ಮಹಾನಿರ್ದೇಶಕರೇ, ಆ ಸಿಬ್ಬಂದಿ ಕೆಟ್ಟವರೇನಲ್ಲ. ಅವರಿಗೆ ಇದು ಸಾಲಗಾರ ಮತ್ತು ಸಾಲ ಕೊಟ್ಟವರ ನಡುವಿನ ಸಿವಿಲ್ ಜಗಳದ ಹಾಗೆ ಕಂಡಿದೆ. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾವ ಆ್ಯಪ್ ಸಾಲ ಕೊಡುವಂಥದ್ದು, ಯಾವುದು ಸಾಲದ ಹೆಸರಲ್ಲಿ ಸುಲಿಯುವಂಥದ್ದು ಎಂದು ಹತ್ತು ನಿಮಿಷದಲ್ಲಿ ಅಳೆಯಬಹುದು. ಅಳತೆಗೋಲನ್ನು ರಿಸರ್ವ್ ಬ್ಯಾಂಕೇ ಮಾಡಿಟ್ಟಿದೆ. ಅದು ಠಾಣೆಯ ಮೇಜಿಗೂ ತಲುಪಿಲ್ಲ, ಸಾಲ ಬೇಕಾದವರ ಕೈಗೂ ತಲುಪಿಲ್ಲ.

ಮೊದಲನೆಯದು ಅನುಮತಿ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಕ್ಕೆ ಮಾರ್ಗಸೂಚಿ ತಂದಿತು. 2025ರ ಮೇ ತಿಂಗಳಲ್ಲಿ ಅದನ್ನೇ ಪರಿಷ್ಕರಿಸಿ ಹೊಸ ನಿರ್ದೇಶನ ಹೊರಡಿಸಿತು. ಎರಡರಲ್ಲೂ ಈ ಮಾತು ಸ್ಪಷ್ಟವಾಗಿದೆ: ಸಾಲದ ಆ್ಯಪ್ ನಿಮ್ಮ ಫೋನಿನ ಫೈಲ್ ಮತ್ತು ಫೋಟೋ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಇವನ್ನು ಮುಟ್ಟುವಂತಿಲ್ಲ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದರೆ ಒಂದು ಸಲ, ನಿಮ್ಮ ಒಪ್ಪಿಗೆ ಪಡೆದು ಬಳಸಬಹುದು. ಅಂದರೆ ಸೆಲ್ಫಿ ಕೇಳಿದ ತಕ್ಷಣ ಹೆದರಬೇಕಿಲ್ಲ. ಕಾಂಟ್ಯಾಕ್ಟ್ಸ್ ಕೇಳಿದರೆ ಮಾತ್ರ ಮುಂದೆ ಯೋಚನೆಯೇ ಬೇಡ, ಅಲ್ಲಿಗೆ ನಿಲ್ಲಿಸಬೇಕು. ಗೂಗಲ್ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೋ ಅನುಮತಿಯನ್ನು ನಿಷೇಧಿಸಿದೆ. ಹಾಗಾಗಿ ಈಗ ಅವನ್ನು ಕೇಳುವ ಆ್ಯಪ್ ಒಂದೋ ಪ್ಲೇ ಸ್ಟೋರಿನ ಹೊರಗಿನಿಂದ ಬಂದಿದೆ, ಇಲ್ಲವೇ ಕ್ಯಾಲ್ಕುಲೇಟರ್, ಖರ್ಚಿನ ಲೆಕ್ಕ ಅಂತ ಬೇರೆ ವೇಷ ಹಾಕಿಕೊಂಡು ಒಳಗೆ ನುಗ್ಗಿದೆ.

"ಪ್ಯಾನ್ ಕಾರ್ಡಿನ ಫೋಟೋ ಕಳಿಸೋಕೆ ಗ್ಯಾಲರಿ ಬೇಕಲ್ವಾ?" ಅಂತ ಕೆಲವರು ಕೇಳುತ್ತಾರೆ. ಬೇಡ. ಬೇಕಾದ ಒಂದೇ ಫೋಟೋ ಆರಿಸಿ ಕೊಡುವ ಕಿಟಕಿ ಆಂಡ್ರಾಯ್ಡ್‌ನಲ್ಲೇ ಇದೆ. ಅದಕ್ಕೆ ಇಡೀ ಗ್ಯಾಲರಿಯ ಅನುಮತಿ ಬೇಕಾಗುವುದಿಲ್ಲ. ಹೊಸ ಫೋನುಗಳಲ್ಲಿ ಅನುಮತಿ ಕೇಳುವಾಗಲೇ "Allow all" ಪಕ್ಕದಲ್ಲಿ ಕೆಲವು ಫೋಟೋಗಳನ್ನಷ್ಟೇ ಕೊಡುವ ಆಯ್ಕೆಯೂ ಇರುತ್ತದೆ. "Allow all" ಒತ್ತದೆ ಮುಂದೆ ಬಿಡದ ಆ್ಯಪ್‌ಗೆ ಬೇಕಾಗಿರುವುದು ನಿಮ್ಮ ಪ್ಯಾನ್ ಕಾರ್ಡ್ ಅಲ್ಲ.

ಹಾಗಾದರೆ ಅವರಿಗೆ ಕಾಂಟ್ಯಾಕ್ಟ್ಸ್ ಯಾಕೆ? ಸಾಲ ತೀರಿಸುವ ಶಕ್ತಿ ಅಳೆಯಲು ಅನ್ನುತ್ತಾರೆ. ಅದನ್ನು ಅಳೆಯಲು ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್ ಇದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಪರಿಚಯದವರ ನಂಬರ್ ಬೇಕಿದ್ದರೆ ಒಂದೆರಡನ್ನು ನಾವೇ ಬರೆದುಕೊಡಬಹುದು. ನಾದಿನಿಯ ನಂಬರಿನಿಂದ ನನ್ನ ಸಂಬಳ ಗೊತ್ತಾಗುವುದಿಲ್ಲ. ಆ ಪಟ್ಟಿ ಗಿರವಿಯ ಒಡವೆ ಇದ್ದ ಹಾಗೆ. ಆದರೆ ಗಿರವಿ ಅಂಗಡಿಯಲ್ಲಿ ದುಡ್ಡು ಕಟ್ಟಿದರೆ ಒಡವೆ ವಾಪಸ್ ಬರುತ್ತದೆ. ಇಲ್ಲಿ ಪಟ್ಟಿ ಅವರ ಸರ್ವರಿನಲ್ಲೇ ಉಳಿಯುತ್ತದೆ. ಆ್ಯಪ್ ತೆಗೆದರೂ ಉಳಿಯುತ್ತದೆ, ಫೋನ್ ಫಾರ್ಮ್ಯಾಟ್ ಮಾಡಿದರೂ ಉಳಿಯುತ್ತದೆ. "ಕಟ್ಟಿಬಿಡಿ, ಸುಮ್ಮನಾಗ್ತಾರೆ" ಅನ್ನುವ ಸಲಹೆ ಸೋಲುವುದು ಇಲ್ಲೇ. ಹೆದರಿ ಒಮ್ಮೆ ಕಟ್ಟಿದವರು ಮತ್ತೆ ಕಟ್ಟುತ್ತಾರೆ ಅನ್ನುವುದು ಅವರಿಗೆ ಗೊತ್ತಾಗಿರುತ್ತದೆ, ಹೆದರಿಸುವ ಸಾಮಾನೂ ಕೈಯಲ್ಲೇ ಇರುತ್ತದೆ.

ಎರಡನೆಯದು ಹಣದ ದಾರಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ. ಠಾಣೆಯಲ್ಲಿ ಕೂತು ನೋಡಲು ಇದಕ್ಕಿಂತ ಸುಲಭದ್ದೂ ಇಲ್ಲ. ನಿಯಮದ ಪ್ರಕಾರ ಸಾಲದ ಹಣ ಬ್ಯಾಂಕಿನ ಅಥವಾ ಎನ್‌ಬಿಎಫ್‌ಸಿಯ, ಅಂದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಹಣಕಾಸು ಕಂಪನಿಯ ಖಾತೆಯಿಂದ ನೇರ ಸಾಲಗಾರರ ಖಾತೆಗೆ ಬರಬೇಕು. ಕಂತೂ ಹಾಗೆಯೇ ನೇರ ಸಾಲ ಕೊಟ್ಟವರ ಖಾತೆಗೆ ಹೋಗಬೇಕು. ನಡುವೆ ಆ್ಯಪ್ ನಡೆಸುವವರ ಖಾತೆ ಬರುವ ಹಾಗಿಲ್ಲ. ಆ ಹೆಣ್ಣುಮಗಳ ಪಾಸ್‌ಬುಕ್ ನೋಡಿದೆ. 3,200 ಬಂದಿದ್ದು ಯಾವುದೋ "ಟ್ರೇಡರ್ಸ್" ಹೆಸರಿನಿಂದ. ಮೂರು ಸಲ ಕಟ್ಟಿದ್ದು ಮೂರು ಬೇರೆ ಬೇರೆ ಯುಪಿಐ ಐಡಿಗಳಿಗೆ. ಎರಡರಲ್ಲಿ ಯಾರೋ ವ್ಯಕ್ತಿಗಳ ಹೆಸರು, ಒಂದರಲ್ಲಿ ಯಾವುದೋ ಅಂಗಡಿಯ ಹೆಸರು. ಸಾಲ ಕೊಟ್ಟ ಕಂಪನಿ ಎಂದು ಆ್ಯಪ್‌ನಲ್ಲಿ ಬರೆದಿದ್ದ ಹೆಸರು ನಾಲ್ಕರಲ್ಲಿ ಎಲ್ಲೂ ಇಲ್ಲ. ನಿಜವಾದ ಸಾಲ ಕೊಟ್ಟವರು ವಸೂಲಿಯ ದುಡ್ಡನ್ನು ಪ್ರತಿ ಸಲ ಹೊಸಬರ ಖಾತೆಗೆ ಯಾಕೆ ಹಾಕಿಸಿಕೊಳ್ಳುತ್ತಾರೆ?

ಇದು ನಿಮ್ಮ ಇಲಾಖೆಗೆ ಹೊಸ ವಿಷಯವೂ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನಲ್ಲಿ ಪಾವತಿ ಕಂಪನಿಗಳ ಮೇಲೆ ದಾಳಿ ಮಾಡಿತಲ್ಲ, ಅದಕ್ಕೆ ಆಧಾರ ಬೆಂಗಳೂರು ನಗರ ಸೈಬರ್ ಕ್ರೈಂ ಠಾಣೆಯ 18 ಎಫ್‌ಐಆರ್‌ಗಳು. ಸಾಲದ ಆ್ಯಪ್‌ನವರು ಯಾರದೋ ದಾಖಲೆ ಬಳಸಿ ಅವರನ್ನು ಹೆಸರಿಗಷ್ಟೇ ನಿರ್ದೇಶಕರನ್ನಾಗಿ ಮಾಡಿ ಕಂಪನಿ ತೆರೆದಿದ್ದರು, ಆ ಖಾತೆಗಳ ಮೂಲಕ ಹಣ ಓಡಿಸುತ್ತಿದ್ದರು ಎಂದು ಆಗ ಹೇಳಿತ್ತು. ಸುಮಾರು 17 ಕೋಟಿ ರೂಪಾಯಿ ಸಿಕ್ಕಿತ್ತು. ಅಷ್ಟೊಂದು ದೂರ ಹೋಗಲು ಸಾಧ್ಯವಾಗಿದ್ದು ಯಾರೋ ಒಬ್ಬ ಅಧಿಕಾರಿ ದೂರು ಬರೆದುಕೊಂಡಿದ್ದರಿಂದ.

ಮೂರನೆಯದು ಬಡ್ಡಿಯ ಕಾಗದ. ಸಾಲಕ್ಕೆ ಒಪ್ಪುವ ಮೊದಲೇ "Key Fact Statement" ಅನ್ನುವ ಪುಟ ಕೊಡಬೇಕು. ಬಡ್ಡಿ, ಫೀ ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅನ್ನುವುದು ಅದರಲ್ಲಿ "APR" ಎಂದು ಇರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತಲೂ ನಿಯಮವಿದೆ. ಅದರಲ್ಲಿ ಒಂದು ಒಳ್ಳೆಯ ಅಂಶವಿದೆ, ಜನರಿಗೆ ಗೊತ್ತಿಲ್ಲ. 7 ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಆ ಪುಟದಲ್ಲಿ ಹೇಳಿದ ಷರತ್ತು ಕನಿಷ್ಠ 3 ಕೆಲಸದ ದಿನ ಚಾಲ್ತಿಯಲ್ಲಿರಬೇಕು. ಓದಿ, ಯಾರನ್ನಾದರೂ ಕೇಳಿ ತೀರ್ಮಾನ ಮಾಡಲಿ ಅಂತ. ಆದ್ದರಿಂದ "ಆಫರ್ ಇನ್ನು 10 ನಿಮಿಷ ಮಾತ್ರ" ಎಂದು ಗಡಿಯಾರ ಓಡಿಸುವ ಆ್ಯಪ್ ಆ ನಿಯಮಕ್ಕೆ ಉಲ್ಟಾ ಹೋಗುತ್ತಿದೆ. ಸಾಲ ತೆಗೆದುಕೊಂಡ ಮೇಲೂ ಮನಸ್ಸು ಬದಲಾದರೆ ಕನಿಷ್ಠ ಒಂದು ದಿನದೊಳಗೆ ಅಸಲು ಮತ್ತು ಅಷ್ಟು ಹೊತ್ತಿನ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಲು ಅವಕಾಶ ಇರಬೇಕು.

ಪುಟ ಕೊಡದಿದ್ದರೆ ಲೆಕ್ಕ ನಾವೇ ಹಾಕೋಣ. ಕೈಗೆ ಬಂದಿದ್ದು 3,200. ವಾರಕ್ಕೆ ಮೇಲೆ ಕೊಡಬೇಕಾದದ್ದು 1,800. ವಾರಕ್ಕೆ ಶೇ. 56.25 ಆಯಿತು. 52 ವಾರಕ್ಕೆ ಶೇ. 2,925. ವರ್ಷಕ್ಕೆ ಶೇ. 36ರಂಥ ದುಬಾರಿ ದರದಲ್ಲೇ ಕೊಟ್ಟಿದ್ದರೂ 3,200ಕ್ಕೆ 7 ದಿನದ ಬಡ್ಡಿ ಸುಮಾರು 22 ರೂಪಾಯಿ. ಲೆಕ್ಕ ಮಾಡುವಾಗ ಮಂಜೂರಾದ 5,000ದಿಂದ ಶುರು ಮಾಡಬಾರದು, ಕೈಗೆ ಬಂದ 3,200ರಿಂದ ಶುರು ಮಾಡಬೇಕು. ಜನ ಮೋಸ ಹೋಗುವುದು ಆ ಒಂದು ಹೆಜ್ಜೆಯಲ್ಲಿ.

ಇನ್ನು ಹೆಸರು ನೋಡುವ ಪರೀಕ್ಷೆ. ಪ್ರಾದೇಶಿಕ ನಿರ್ದೇಶಕರೇ, ಇಲ್ಲಿ ನಿಮ್ಮ ಹತ್ತಿರ ಸ್ವಲ್ಪ ಜಗಳವಿದೆ. 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಒಳ್ಳೆಯ ಕೆಲಸ. ಆದರೆ ಅದು ಬ್ಯಾಂಕುಗಳೂ ಎನ್‌ಬಿಎಫ್‌ಸಿಗಳೂ ತಾವೇ ಕೊಟ್ಟ ಮಾಹಿತಿ, ರಿಸರ್ವ್ ಬ್ಯಾಂಕ್ ಪರಿಶೀಲಿಸಿದ್ದಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕಳ್ಳ ಆ್ಯಪ್ ಒಳ್ಳೆಯ ಹೆಸರನ್ನೇ ಕದಿಯುತ್ತದೆ. ಒಂದಕ್ಷರ ಬದಲಾಯಿಸಿ, ಲೋಗೋ ಅದೇ ಹಾಕಿ ಬರುತ್ತದೆ. ಆ್ಯಪ್‌ನೊಳಗೆ ನಿಜವಾದ ಎನ್‌ಬಿಎಫ್‌ಸಿಯ ಹೆಸರನ್ನೇ ಬರೆದುಕೊಂಡಿರುತ್ತದೆ. ಹಾಗಾಗಿ ಆ್ಯಪ್‌ನಲ್ಲಿರುವ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಸಿಕ್ಕಿತು ಅಂತ ಸಮಾಧಾನ ಪಟ್ಟರೆ ಸಾಲದು. ಉಲ್ಟಾ ದಾರಿಯಲ್ಲಿ ಬರಬೇಕು. ಮೊದಲು ಎನ್‌ಬಿಎಫ್‌ಸಿಯ ಸ್ವಂತ ವೆಬ್‌ಸೈಟಿಗೆ ಹೋಗಬೇಕು. ತಮ್ಮ ಆ್ಯಪ್‌ಗಳು ಯಾವುವು, ದೂರು ಕೇಳುವ ಅಧಿಕಾರಿ ಯಾರು ಎಂದು ಅಲ್ಲಿ ಹಾಕಿರಲೇಬೇಕು. ಆ ನಂಬರಿಗೆ ಫೋನ್ ಮಾಡಿ, "ಈ ಆ್ಯಪ್ ನಿಮ್ಮದಾ?" ಅಂತ ಕೇಳಬೇಕು. ಆಮೇಲೆ ಅಲ್ಲಿಂದಲೇ ಆ್ಯಪ್‌ಗೆ ಬರಬೇಕು. ವಾಟ್ಸ್‌ಆ್ಯಪ್ ಲಿಂಕಿನಿಂದ ಬಂದ ಆ್ಯಪ್‌ಗೆ ಈ ಯಾವ ಪರೀಕ್ಷೆಯೂ ಬೇಡ, ಅದು ಮೊದಲೇ ಫೇಲು.

ಈ ಎಲ್ಲ ಪರೀಕ್ಷೆ ಪಾಸಾದ ಆ್ಯಪ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನೋಂದಾಯಿತ ಕಂಪನಿಯ ಸಾಲವೂ ದುಬಾರಿ ಇರಬಹುದು. ಅವರ ವಸೂಲಿಯವರೂ ಒರಟಾಗಿ ಮಾತಾಡಬಹುದು. ವ್ಯತ್ಯಾಸ ಏನೆಂದರೆ ಅಲ್ಲಿ ಹಿಡಿದು ಕೇಳಲು ಒಬ್ಬರಿದ್ದಾರೆ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಸಾಲಗಾರರ ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡುವಂತಿಲ್ಲ. ಮೀರಿದರೆ ಕಂಪನಿಗೆ ದೂರು ಕೊಡಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅಂಥ ಸಾಲವನ್ನು ಕಟ್ಟಲೇಬೇಕು, ಕಟ್ಟದಿದ್ದರೆ ಸಿಬಿಲ್‌ಗೆ ಹೋಗುತ್ತದೆ. ನೋಂದಣಿಯೇ ಇಲ್ಲದ ಆ್ಯಪ್‌ಗೆ ಸಿಬಿಲ್‌ಗೆ ವರದಿ ಕಳಿಸುವ ಹಕ್ಕಿಲ್ಲ. "ನಿಮ್ಮ ಸಿಬಿಲ್ ಹಾಳು ಮಾಡ್ತೀವಿ" ಅನ್ನುವುದು ಅವರ ಬಾಯಲ್ಲಿ ಬರೀ ಬೆದರಿಕೆ. ಅನುಮಾನವಿದ್ದರೆ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ತೆಗೆದು ನೋಡಿ, ಆ ಸಾಲ ಅದರಲ್ಲಿ ಇದೆಯಾ ಅಂತ.

ಈಗಾಗಲೇ ಸಿಕ್ಕಿಕೊಂಡವರಿಗೆ ಎರಡು ಮಾತು. ಫಾರ್ಮ್ಯಾಟ್ ಮಾಡಿಸಬೇಡಿ. ನಾನು ಈಗ ಮಾಡಿಕೊಡುವುದಿಲ್ಲ, ಬೇರೆ ಅಂಗಡಿಯವರೂ ಮಾಡಬಾರದು. ಅವರ ಬಳಿ ಇರುವುದು ಅಳಿಯುವುದಿಲ್ಲ, ನಿಮ್ಮ ಬಳಿ ಇರುವ ಸಾಕ್ಷಿ ಮಾತ್ರ ಅಳಿಯುತ್ತದೆ. ಕೆಲಸದ ಕ್ರಮ ಮುಖ್ಯ. ಮೊದಲು ಫೋನಿನ `Settings`ನಲ್ಲಿ `Apps` ತೆರೆದು, ಆ ಆ್ಯಪ್‌ನ `Permissions` ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. Contacts ಮತ್ತು Photos "Allowed" ಎಂದು ಇರುವಾಗಲೇ ತೆಗೆಯಬೇಕು. ಆಮೇಲೆ ಎರಡನ್ನೂ "Don't allow" ಮಾಡಿ. ಮೊದಲೇ ಬಂದ್ ಮಾಡಿಬಿಟ್ಟರೆ ಅನುಮತಿ ಪಡೆದಿದ್ದರು ಅನ್ನುವುದಕ್ಕೆ ಕಾಗದ ಇರುವುದಿಲ್ಲ. ಬೆದರಿಕೆಯ ಮೆಸೇಜುಗಳನ್ನು ನಂಬರ್ ಕಾಣುವ ಹಾಗೆ ಉಳಿಸಿ. ಹಣ ಬಂದಿದ್ದಕ್ಕೂ ಹೋಗಿದ್ದಕ್ಕೂ ಇರುವ ಯುಟಿಆರ್ ನಂಬರ್, ಅಂದರೆ ಆ ವರ್ಗಾವಣೆಯ ಗುರುತಿನ ನಂಬರ್ ಬರೆದಿಟ್ಟುಕೊಳ್ಳಿ. ಇಷ್ಟಾದ ಮೇಲೆ ಆ್ಯಪ್ ತೆಗೆಯಿರಿ. ನಂತರ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ, ಅದರ ಪ್ರತಿ ಹಿಡಿದು ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಗೆ ಹೋಗಿ.

ಇನ್ನೊಂದು ಕಷ್ಟದ ಕೆಲಸವಿದೆ. ಹತ್ತಿರದವರಿಗೆ ಆ್ಯಪ್‌ನವರಿಗಿಂತ ಮೊದಲು ನೀವೇ ಒಂದು ಮೆಸೇಜ್ ಹಾಕಿ: "ನನ್ನ ಫೋನಿನ ನಂಬರುಗಳು, ಫೋಟೋಗಳು ಕಳ್ಳ ಸಾಲದ ಆ್ಯಪ್ ಕೈಗೆ ಸಿಕ್ಕಿವೆ. ಕೆಟ್ಟ ಫೋಟೋ ಬಂದರೆ ನಂಬಬೇಡಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಆ ನಂಬರನ್ನು ಬ್ಲಾಕ್ ಮಾಡಿ." ಆ ಹೆಣ್ಣುಮಗಳು ಇದನ್ನು ಕಳಿಸಲು ಎರಡು ದಿನ ಹಿಂಜರಿದರು. ಕಳಿಸಿದ ಮೇಲೆ ಮೊದಲು ಬಂದ ಉತ್ತರ ಸೂಪರ್‌ವೈಸರದು: "ನಂಗೂ ಹಿಂಗೇ ಆಗಿತ್ತು ಕಣಮ್ಮಾ, ಯಾರಿಗೂ ಹೇಳಿರಲಿಲ್ಲ."

ಈಗ ನನ್ನ ಕೋರಿಕೆಗಳು. ಹೆಚ್ಚಿಲ್ಲ.

ಪೊಲೀಸ್ ಮಹಾನಿರ್ದೇಶಕರೇ, ಪ್ರತಿ ಠಾಣೆಯ ಮೇಜಿನ ಮೇಲೆ ಕನ್ನಡದಲ್ಲಿ ಒಂದು ಪುಟ ಇಡಿಸಿ. ಸಾಲದ ಆ್ಯಪ್ ದೂರು ಬಂದಾಗ ಕೇಳಬೇಕಾದ್ದು ಇಷ್ಟು: ಕಾಂಟ್ಯಾಕ್ಟ್ಸ್, ಗ್ಯಾಲರಿ ತೆಗೆದುಕೊಂಡಿದೆಯಾ? ಹಣ ಯಾರ ಖಾತೆಯಿಂದ ಬಂತು? ಯಾರ ಖಾತೆಗೆ ಹೋಯಿತು? ಬಡ್ಡಿಯ ಪುಟ ಕೊಟ್ಟಿದ್ದಾರಾ? ಇದಕ್ಕೆ ಸಿಗುವ ಉತ್ತರಗಳೇ ತನಿಖೆಯ ಮೊದಲ ಹಾಳೆಯಾಗುತ್ತವೆ. ಫೋಟೋ ತಿರುಚಿ, ಕಳಿಸುತ್ತೇವೆ ಎಂದು ಹೆದರಿಸಿ ದುಡ್ಡು ಕಿತ್ತರೆ ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಸುಲಿಗೆ, 351ರ ಪ್ರಕಾರ ಬೆದರಿಕೆ. ಅಶ್ಲೀಲ ಚಿತ್ರ ಹರಡಿದ್ದಕ್ಕೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಸಾಲ ತೆಗೆದುಕೊಂಡಿದ್ದು ನಿಜವಾಗಿದ್ದರೂ ಇವು ಅಪರಾಧಗಳೇ. "ಕಟ್ಟಿಬಿಡಿ" ಎಂದು ಕಳಿಸುವುದನ್ನು ಲಿಖಿತ ಸೂಚನೆ ಕೊಟ್ಟು ನಿಲ್ಲಿಸಿ.

ಪ್ರಾದೇಶಿಕ ನಿರ್ದೇಶಕರೇ, ನಿಮ್ಮ 14448 ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕೆ ಇನ್ನೊಂದೇ ಕೆಲಸ ಸೇರಿಸಿ. ಯಾರಾದರೂ ಫೋನ್ ಮಾಡಿ ಆ್ಯಪ್‌ನ ಹೆಸರು ಹೇಳಿದರೆ, ಅದು ಪಟ್ಟಿಯಲ್ಲಿದೆಯಾ, ಯಾವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿಯದು, ಅವರ ದೂರಿನ ಅಧಿಕಾರಿಯ ನಂಬರ್ ಯಾವುದು ಎಂದು ಆಗಲೇ ಹೇಳಬೇಕು. ಸಂಜೆ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿರುವ ಹೆಣ್ಣುಮಗಳು ಇಂಗ್ಲಿಷಿನ ಉದ್ದ ಪಟ್ಟಿಯನ್ನು ಸಣ್ಣ ಪರದೆಯಲ್ಲಿ ಹುಡುಕುವುದಿಲ್ಲ. ಒಂದು ಫೋನ್ ಮಾಡುತ್ತಾರೆ.

ಆ ಪುಟವನ್ನೂ 14448 ನಂಬರನ್ನೂ ಅಂಟಿಸಲು ನನ್ನ ಅಂಗಡಿಯ ಗಾಜಿನ ಮೇಲೆ ಜಾಗವಿದೆ. ನೀವು ಅಚ್ಚು ಮಾಡಿಸಿದರೆ ಈ ರಸ್ತೆಯ ಬೇರೆ ಅಂಗಡಿಗಳಿಗೂ ನಾನೇ ಹಂಚುತ್ತೇನೆ.

ಇಂತಿ,
ದೊಡ್ಡಬಳ್ಳಾಪುರದ ಒಬ್ಬ ಮೊಬೈಲ್ ಅಂಗಡಿಯವ